ಸಂಜೆ ಆರೂವರೆ ಪೋಸ್ಟು

2025ರ ಜೂನ್ 3ರ ರಾತ್ರಿ ಆರ್‌ಸಿಬಿ 18 ವರ್ಷ ಕಾಯ್ಸಿ ಕಪ್ ಗೆದ್ದಾಗ ನಾನು ನಿದ್ದೆನೇ ಮಾಡ್ಲಿಲ್ಲ, ಒಂದು ಬಟ್ಟೆ ಅಂಗಡಿ ಒಂದು ಸ್ವೀಟ್ ಅಂಗಡಿ ಎರಡರ ಪೇಜೂ ನಾನೇ ನೋಡ್ಕೊಳ್ಳೋದು, ಮಾರನೇ ದಿನಕ್ಕೆ 14 ಪೋಸ್ಟ್ ಶೆಡ್ಯೂಲ್ ಮಾಡಿಟ್ಟೆ. ಸಂಜೆ ಆರೂವರೆಗೆ ಇಟ್ಟಿದ್ದು ಬಟ್ಟೆ ಅಂಗಡಿದು, "ಆಫರ್‌ಗೆ ನೂಕುನುಗ್ಗಲು, ನೀವೂ ನುಗ್ಗಿ ಬನ್ನಿ" ಅಂತ. ಬರೆದಿದ್ದು ನಾನೇ.

ಜೂನ್ 4ರ ಸಂಜೆ ಚಿನ್ನಸ್ವಾಮಿ ಸ್ಟೇಡಿಯಂ ಹತ್ರ ಕಾಲ್ತುಳಿತ ಅಂತ ಟಿವಿಲಿ ಬಂದಾಗ ಎಷ್ಟು ಜನ ತೀರ್ಕೊಂಡ್ರು ಅನ್ನೋದು ಯಾರಿಗೂ ಸರಿಯಾಗಿ ಗೊತ್ತಿರ್ಲಿಲ್ಲ. ನಾನು ಕಾಯ್ಲಿಲ್ಲ, ಓನರ್‌ನೂ ಕೇಳ್ಲಿಲ್ಲ, ಶೆಡ್ಯೂಲ್ ಮಾಡೋ ಟೂಲ್ ಓಪನ್ ಮಾಡಿ ಎಲ್ಲಾ ಪೋಸ್ಟ್ ಪಾಜ್ ಮಾಡ್ದೆ. ಸುದ್ದಿ ಸುಳ್ಳಾಗಿದ್ರೆ ವಾಪಸ್ ಹಾಕೋಕೆ ಎರಡು ನಿಮಿಷ ಸಾಕು, ಆದ್ರೆ ಒಂದ್ಸಲ ಹೊರಗೆ ಹೋದ್ರೆ ಸ್ಕ್ರೀನ್‌ಶಾಟ್ ಉಳಿದುಬಿಡುತ್ತೆ.

ಆದ್ರೆ ಆ ಪಾಜ್ ಬಟನ್ ನಿಲ್ಸೋದು ಆ ಟೂಲ್ ಒಳಗಿರೋದನ್ನ ಮಾತ್ರ. ಬೆಳಗ್ಗೆ ಹಾಕಿದ್ದ ಪಟಾಕಿ ಫೋಟೋ ಪೋಸ್ಟ್‌ಗೆ ದುಡ್ಡು ಹಾಕಿ ಬೂಸ್ಟ್ ಮಾಡಿದ್ವಿ, ಅದು ಓಡ್ತಾನೇ ಇತ್ತು. ಫೇಸ್‌ಬುಕ್ ಫೀಡ್‌ನಲ್ಲಿ ಆ್ಯಡ್ ಮೇಲೆ ಟೈಮ್ ಇರೋ ಜಾಗದಲ್ಲಿ Sponsored ಅಂತ ಇರುತ್ತೆ, ಹಾಗಾಗಿ ನೋಡಿದವರಿಗೆ ಈಗ್ಲೇ ಹಾಕಿದಾರೆ ಅನ್ಸುತ್ತೆ. Ads Managerಗೆ ಹೋಗಿ ಕ್ಯಾಂಪೇನ್ ಆಫ್ ಮಾಡ್ದೆ, ಕಾಮೆಂಟ್‌ನಲ್ಲಿ ಆಗ್ಲೇ ಒಬ್ರು "ಅಲ್ಲಿ ಜನ ಸಾಯ್ತಿದಾರೆ" ಅಂತ ಬರೆದಿದ್ರು, ಆ ಪೋಸ್ಟನ್ನೂ ತೆಗೆದೆ. ಸ್ವೀಟ್ ಅಂಗಡಿಯ ವಾಟ್ಸ್ಆ್ಯಪ್ ಬಲ್ಕ್ ಮೆಸೇಜ್ ಏಳಕ್ಕೆ ಹೋಗ್ಬೇಕಿತ್ತು, ಅದು ವೆಂಡರ್ ಕೈಲಿ, ಮೆಸೇಜ್ ಮಾಡಿದ್ರೆ ನೋಡ್ತಾರೋ ಇಲ್ವೋ ಅಂತ ಫೋನೇ ಮಾಡಿ ನಿಲ್ಸಿದೆ.

ಉಳಿದಿದ್ದು ಒಂದೇ ರೀಲ್. ಬಟ್ಟೆ ಅಂಗಡಿ ಹುಡುಗ ತನ್ನ ಫೋನಿಂದ ಇನ್‌ಸ್ಟಾಗ್ರಾಮ್ ಆ್ಯಪ್‌ನಲ್ಲೇ ಶೆಡ್ಯೂಲ್ ಮಾಡಿದ್ದ, ಅದು ನನ್ನ ಟೂಲ್‌ನಲ್ಲಿ ಕಾಣಲ್ಲ, ಹಿಂದಿನ ದಿನ ಬಾಯ್ಮಾತಲ್ಲಿ ಹೇಳಿದ್ದಕ್ಕೆ ನೆನಪಿತ್ತು ಅಷ್ಟೇ. ಫೋನ್ ಮಾಡ್ದೆ, ನಾಟ್ ರೀಚಬಲ್. ಓನರ್‌ಗೆ ಮಾಡಿದ್ರೆ "ಅವ್ನು ಮಧ್ಯಾಹ್ನನೇ ಸ್ಟೇಡಿಯಂಗೆ ಹೋದ್ನಲ್ಲಪ್ಪಾ" ಅಂದ್ರು. ಆಮೇಲೆ ರೀಲ್ ನೆನಪು ಹೋಯ್ತು, ಸುಮ್ನೆ ಅವನ ನಂಬರ್ ಒತ್ತುತ್ತಾ ಕೂತಿದ್ದೆ. ಆರೂಮುಕ್ಕಾಲಿಗೆ ಎತ್ತಿದ. "ಅಣ್ಣಾ, ಗೇಟ್ ತನಕ ಹೋಗೋಕೇ ಆಗ್ಲಿಲ್ಲ, ವಾಪಸ್ ನಡ್ಕೊಂಡು ಬರ್ತಿದೀನಿ" ಅಂದ, ದನಿ ನಡುಗ್ತಿತ್ತು. ರೀಲ್ ಡಿಲೀಟ್ ಮಾಡೋ ಅಂತ ಹೇಳೋಕೂ ಮುಂಚೆ ಅವನೇ "ತೆಗೆದ್ಬಿಟ್ಟೆ ಅಣ್ಣಾ" ಅಂದ.

ಅವತ್ತು 11 ಜನ ಹೋದ್ರು. ನಾಲ್ಕು ದಿನ ಆದ್ಮೇಲೆ ಪಾಜ್ ತೆಗೆಯೋ ಮುಂಚೆ ಎಲ್ಲಾನೂ ಡ್ರಾಫ್ಟ್‌ಗೆ ಹಾಕ್ದೆ, ಕೆಲವು ಟೂಲ್‌ನಲ್ಲಿ ಟೈಮ್ ಮೀರಿದ್ದು ಒಟ್ಟಿಗೇ ಹೊರಗೆ ಹೋಗಿಬಿಡುತ್ತೆ. ಆಮೇಲೆ ನಾನು, ಆ ಹುಡುಗ ಇಬ್ರೂ ಕೂತು ಒಂದೊಂದೇ ಜೋರಾಗಿ ಓದಿದ್ವಿ. 14ರಲ್ಲಿ ಮೂರೇ ಇಟ್ಕೊಂಡ್ವಿ.