ಕೇಕ್ ಕಟ್ ಮಾಡೋದು ಎಷ್ಟು ಗಂಟೆಗೆ?

ಮೈಸೂರಿನ ಕುವೆಂಪುನಗರದಲ್ಲಿ ನಮ್ಮ ಮನೆ. ಅಡುಗೆಮನೆಗೆ ಅಂಟಿಕೊಂಡ ಚಿಕ್ಕ ರೂಮಿನಲ್ಲಿ 28 ಲೀಟರಿನ ಒಂದು ಓಟಿಜಿ ಓವನ್, ಒಂದು ಹಳೇ ಫ್ರಿಜ್, ಒಂದು ಬೀಟರ್. ಇಷ್ಟರಲ್ಲೇ ಐದು ವರ್ಷದಿಂದ ಎಗ್‌ಲೆಸ್ ಕೇಕ್ ಮಾಡಿ ಮಾರುತ್ತಿದ್ದೇನೆ. ಆರ್ಡರ್ ಬರುವುದೆಲ್ಲ ವಾಟ್ಸಾಪಿನಲ್ಲಿ. ನಾನು ಹಾಕುವ ಒಂದು ಪಟ್ಟಿ ಇದೆ, ಅದನ್ನು ನೋಡಿ ಜನ ಮೆಸೇಜ್ ಮಾಡುತ್ತಾರೆ. ಆ ಪಟ್ಟಿ ಈಗ ಇರುವ ರೂಪಕ್ಕೆ ಬರಲು ಮೂರು ವರ್ಷ ಹಿಡಿಯಿತು.

ಮೊದಲ ಪಟ್ಟಿಯನ್ನು ಯಾರೋ ಹಾಕಿದ್ದು ನೋಡಿಯೇ ಬರೆದಿದ್ದೆ. 14 ಫ್ಲೇವರ್. ಅರ್ಧ ಕೇಜಿ, ಒಂದು ಕೇಜಿ. "24 ಗಂಟೆ ಮುಂಚೆ ತಿಳಿಸಿ." "5 ಕಿ.ಮೀ. ಒಳಗೆ ಡೆಲಿವರಿ." ನೋಡಲು ಚೆನ್ನಾಗಿಯೇ ಇತ್ತು. ಅದರ ಒಂದೊಂದು ಸಾಲೂ ನನಗೆ ಒಂದೊಂದು ಸಲ ಕೈ ಕೊಟ್ಟಿದೆ.

ದೊಡ್ಡ ಪೆಟ್ಟು ಬಿದ್ದದ್ದು ತಾರೀಕಿನಲ್ಲಿ. ಒಬ್ಬರು ನಾಲ್ಕು ದಿನ ಮುಂಚೆಯೇ ಮೆಸೇಜ್ ಮಾಡಿದ್ದರು: "15ಕ್ಕೆ ಮಗನ ಬರ್ತ್‌ಡೇ, ಒಂದು ಕೇಜಿ ಬಟರ್‌ಸ್ಕಾಚ್." ಕ್ಯಾಲೆಂಡರಿನಲ್ಲಿ 15ರ ಮನೆಯಲ್ಲಿ ಬರೆದುಕೊಂಡೆ. 14ರ ರಾತ್ರಿ 9 ದಾಟಿದ ಮೇಲೆ ಫೋನ್. "ಅಕ್ಕಾ, ಕೇಕ್ ಎಷ್ಟೊತ್ತಿಗೆ ಬರತ್ತೆ? 12 ಗಂಟೆಗೆ ಕಟ್ ಮಾಡ್ಬೇಕಲ್ವಾ?" ಅವರದು ತಪ್ಪೇನಿಲ್ಲ. ಹುಟ್ಟಿದ್ದು 15ನೇ ತಾರೀಕೇ. ಆದರೆ ಕೇಕ್ ಬೇಕಾಗಿದ್ದು 14ರ ರಾತ್ರಿ. ಅವರು ಹೇಳಿದ್ದು ಹುಟ್ಟುಹಬ್ಬ, ನಾನು ಬರೆದುಕೊಂಡದ್ದು ಡೆಲಿವರಿ.

ಆಗ ತಾನೇ ಓವನ್ನಿಂದ ಸ್ಪಂಜ್ ಹೊರಗೆ ತೆಗೆದಿದ್ದೆ. ಆಗಲ್ಲ ಅಂದುಬಿಡಬೇಕಿತ್ತು. ಮಗುವಿನ ಮುಖ ನೆನಪಾಗಿ ಹೂಂ ಅಂದೆ. ಮುಕ್ಕಾಲು ಗಂಟೆ ಫ್ಯಾನಿನ ಕೆಳಗೆ, ಇಪ್ಪತ್ತು ನಿಮಿಷ ಫ್ರೀಜರಿನಲ್ಲಿ ಇಟ್ಟೆ. ಮುಟ್ಟಿದರೆ ತಣ್ಣಗಿತ್ತು. ಅಡ್ಡಕ್ಕೆ ಮೂರು ಪದರ ಮಾಡಲು ಚಾಕು ಹಾಕಿದರೆ ಒಳಗೆ ಇನ್ನೂ ಬಿಸಿ. ಮೊಟ್ಟೆ ಇಲ್ಲದ ಸ್ಪಂಜಿಗೆ ಹಿಡಿತ ಕಡಿಮೆ, ಬಿಸಿ ಇದ್ದಾಗ ಕೊಯ್ದರೆ ಪುಡಿ ಉದುರುತ್ತದೆ. ಹೇಗೋ ಕ್ರೀಮ್ ಹಚ್ಚಿದೆ. ಒಳಗಿನ ಶಾಖಕ್ಕೆ ಪದರದ ನಡುವಿನ ಕ್ರೀಮ್ ಕರಗಿ, ಅವರ ಮನೆ ಬಾಗಿಲಲ್ಲಿ ಡಬ್ಬಿ ತೆರೆದಾಗ ಮೇಲಿನ ಪದರ ಒಂದು ಬೆರಳಷ್ಟು ಪಕ್ಕಕ್ಕೆ ಜಾರಿತ್ತು. ಅರ್ಧ ದುಡ್ಡು ತೆಗೆದುಕೊಂಡು ವಾಪಸ್ ಬಂದೆ.

ಆ ರಾತ್ರಿ ನಿದ್ದೆ ಬರದೆ ಕೂತು ಲೆಕ್ಕವನ್ನು ಹಿಂದುಮುಂದು ಮಾಡಿ ಬರೆದೆ. ಕೇಕ್ ಕಟ್ ಮಾಡುವ ಹೊತ್ತಿನಿಂದ ಶುರು ಮಾಡಿ ಹಿಂದಕ್ಕೆ. ಭಾನುವಾರ ಸಂಜೆ 6ಕ್ಕೆ ಡೆಲಿವರಿ ಅನ್ನೋಣ. ಕ್ರೀಮ್ ಹಚ್ಚಿದ ಕೇಕ್ ಫ್ರಿಜ್ಜಿನಲ್ಲಿ ಮೂರ್ನಾಲ್ಕು ಗಂಟೆ ಕೂತು ಗಟ್ಟಿಯಾಗಬೇಕು. ಅಂದರೆ ಮಧ್ಯಾಹ್ನ 2ಕ್ಕೆ ಅಲಂಕಾರ ಮುಗಿದಿರಬೇಕು, 11ಕ್ಕೆ ಕೈ ಹಾಕಬೇಕು. ಅಷ್ಟೊತ್ತಿಗೆ ಸ್ಪಂಜ್ ಪೂರ್ತಿ ಆರಿರಬೇಕು. ರಾತ್ರಿಯೆಲ್ಲ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿಟ್ಟ ಸ್ಪಂಜ್ ಚಾಕುವಿಗೆ ಬೆಣ್ಣೆಯ ಹಾಗೆ ಸಿಗುತ್ತದೆ. ಹಾಗಾಗಿ ಬೇಕಿಂಗ್ ಶನಿವಾರ ಸಂಜೆಯೇ ಆಗಬೇಕು. ವಿಪ್ಪಿಂಗ್ ಕ್ರೀಮ್ ಗಡ್ಡೆ ಕಟ್ಟಿರುತ್ತದೆ, ಅದನ್ನೂ ಶನಿವಾರ ರಾತ್ರಿಯೊಳಗೆ ಫ್ರೀಜರಿನಿಂದ ಫ್ರಿಜ್ಜಿನ ಕೆಳಗಿನ ತಟ್ಟೆಗೆ ಇಳಿಸಬೇಕು. ಹೊರಗಿಟ್ಟು ಬೇಗ ಕರಗಿಸಿದರೆ ಬೀಟರ್ ಎಷ್ಟು ತಿರುಗಿಸಿದರೂ ಉಬ್ಬುವುದಿಲ್ಲ, ಮಜ್ಜಿಗೆಯ ಹಾಗೇ ಇರುತ್ತದೆ.

ಈ ಲೆಕ್ಕ ಕಣ್ಣ ಮುಂದೆ ಬಂದ ಮೇಲೆ "24 ಗಂಟೆ ಮುಂಚೆ" ಅನ್ನುವ ಸಾಲು ಎಷ್ಟು ದಡ್ಡತನದ್ದು ಅಂತ ಗೊತ್ತಾಯಿತು. ಭಾನುವಾರ ಸಂಜೆ 7ಕ್ಕೆ ಬೇಕಾದವರು ಶನಿವಾರ ಸಂಜೆ 7ಕ್ಕೆ ಹೇಳಬಹುದು, ನಿಯಮದ ಪ್ರಕಾರ ಸರಿಯೇ. ಅಷ್ಟೊತ್ತಿಗೆ ನನ್ನ ಓವನ್ ಭರ್ತಿ. ಹಾಗಾಗಿ ಗಂಟೆಗಳ ಲೆಕ್ಕ ಬಿಟ್ಟು ಗಡಿಯಾರದ ಹೊತ್ತು ಬರೆದೆ: ಹಿಂದಿನ ದಿನ ಮಧ್ಯಾಹ್ನ 2ಕ್ಕೆ ಆರ್ಡರ್ ಬಂದ್. ಅದಾದ ಮೇಲೆ ಅಂಗಡಿಗೆ ಹೋಗುವುದು, ಸಂಜೆ ಓವನ್ ಹಚ್ಚುವುದು. ಆರ್ಡರ್ ಬಂದ ತಕ್ಷಣ ಕೇಳುವ ಪ್ರಶ್ನೆಯೂ ಬದಲಾಯಿತು. ಹುಟ್ಟುಹಬ್ಬ ಯಾವತ್ತು ಅಂತ ಕೇಳುವುದಿಲ್ಲ. "ಕೇಕ್ ಕಟ್ ಮಾಡೋದು ಯಾವ ವಾರ, ಎಷ್ಟು ಗಂಟೆಗೆ?" ಅಂತ ಕೇಳುತ್ತೇನೆ. ತಾರೀಕಿನ ಜೊತೆ ವಾರ ಹೇಳಿಸಿದರೆ ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ.

ದಿನಕ್ಕೆ ಎಷ್ಟು ಕೇಕ್ ಅನ್ನುವುದನ್ನೂ ಓವನ್ನೇ ತೀರ್ಮಾನ ಮಾಡುತ್ತದೆ. ನಾನು ಸ್ಪಂಜಿಗೆ ಮೊಸರು ಮತ್ತು ಅಡುಗೆ ಸೋಡಾ ಹಾಕುತ್ತೇನೆ. ಎರಡೂ ಸೇರಿದ ಕ್ಷಣದಿಂದ ಗುಳ್ಳೆ ಏಳಲು ಶುರು. ಆ ಗುಳ್ಳೆಯೇ ಕೇಕನ್ನು ಎತ್ತುವುದು, ಮೊಟ್ಟೆ ಇಲ್ಲವಲ್ಲ. ನನ್ನ ಓಟಿಜಿಯಲ್ಲಿ 8 ಇಂಚಿನ ಟಿನ್ ಒಂದೇ ಹಿಡಿಯುತ್ತದೆ. ಹಿಂದೆ ಒಂದೇ ಸಲ ಎರಡು ಕೇಜಿಗೆ ಹಿಟ್ಟು ಕಲಸಿ, ಒಂದು ಟಿನ್ ಬೇಯುವಾಗ ಇನ್ನೊಂದನ್ನು ಕಟ್ಟೆಯ ಮೇಲೆ ಹಾಗೇ ಇಟ್ಟಿರುತ್ತಿದ್ದೆ. ಎರಡನೆಯದು ಯಾವಾಗಲೂ ಇಡ್ಲಿ ಸರಿಯಾಗಿ ಹುದುಗದ ಹಾಗೆ ಗಟ್ಟಿ, ನಡುವೆ ಗುಳಿ. ಓವನ್ನಿನ ಮೇಲೆ ಎಷ್ಟು ಅನುಮಾನಪಟ್ಟೆನೋ! ಸರದಿ ಬರುವ ಹೊತ್ತಿಗೆ ಗುಳ್ಳೆ ಹಾರಿಹೋಗುತ್ತಿತ್ತು ಅಷ್ಟೇ. ಈಗ ಒಂದೊಂದಕ್ಕೂ ಬೇರೆ ಬೇರೆ ಕಲಸುತ್ತೇನೆ. ಕಲಸಿ, 170 ಡಿಗ್ರಿಯಲ್ಲಿ 40 ನಿಮಿಷ ಬೇಯಿಸಿ ತೆಗೆಯಲು ಒಂದು ಗಂಟೆ. ಸಂಜೆ 6ರಿಂದ 10ರವರೆಗೆ ನಾಲ್ಕು ಟಿನ್. ಆದ್ದರಿಂದ ದಿನಕ್ಕೆ ನಾಲ್ಕೇ ಕೇಕ್.

14 ಫ್ಲೇವರ್ ಐದಕ್ಕೆ ಇಳಿದದ್ದೂ ಇದೇ ಲೆಕ್ಕದಲ್ಲಿ. ತಿಂಗಳಿಗೊಮ್ಮೆ ಯಾರೋ ಕೇಳುವ ಬ್ಲೂಬೆರಿಗೆ ಡಬ್ಬಿ ಒಡೆದರೆ, ಉಳಿದದ್ದಕ್ಕೆ ಬೂಷ್ಟು. ಒಂದು ಮಾತು ಪೈನಾಪಲ್ ಬಗ್ಗೆ. ತಾಜಾ ಅನಾನಸ್ ಹಾಕಿ ಅಂತ ತುಂಬ ಜನ ಕೇಳುತ್ತಾರೆ. ಹಸಿ ಹಣ್ಣನ್ನು ಹಾಗೇ ಹಾಲಿನ ಕೆನೆಗೆ ಸೇರಿಸಿದರೆ ಸ್ವಲ್ಪ ಹೊತ್ತಿಗೇ ಕಹಿ ಬಂದು ನೀರು ಬಿಡುತ್ತದೆ. ಆ ಹಣ್ಣಿನಲ್ಲಿರುವ ಕಿಣ್ವದ ಕೆಲಸ ಅದು. ಸಕ್ಕರೆ ಹಾಕಿ ಕುದಿಸಿದರೆ ಕಿಣ್ವ ಸಾಯುತ್ತದೆ, ಆಮೇಲೆ ತಣಿಯಲು ಬಿಡಬೇಕು. ಪೈನಾಪಲ್ಲಿಗೂ ಹಿಂದಿನ ದಿನವೇ ಬೇಕು ಅನ್ನುವುದು ಅದಕ್ಕೆ.

ತೂಕದ ಪಾಠ ಕಲಿಸಿದವರು ದಿನಸಿ ಅಂಗಡಿ ಇಟ್ಟುಕೊಂಡಿರುವ ಒಬ್ಬ ಹಿರಿಯರು. ಕೇಕ್ ಕೊಟ್ಟ ಕೂಡಲೇ ತಮ್ಮ ತಕ್ಕಡಿಗೆ ಇಟ್ಟರು. 1040 ಗ್ರಾಂ ತೋರಿಸಿತು, ನಾನು ಬೀಗಿದೆ. "ರಟ್ಟು ಎಷ್ಟಿದೆಯಮ್ಮಾ?" ಅಂದರು. ಕೇಕಿನ ಕೆಳಗಿನ ರಟ್ಟೇ 160 ಗ್ರಾಂ. ಉಳಿದದ್ದು 880. ನಾನು ಹಾಕಿದ ಸಾಮಾನೆಲ್ಲ ಸೇರಿ ಒಂದು ಕೇಜಿ ಇತ್ತು, ಅದಂತೂ ನಿಜ. ಆದರೆ ಕಲಸಿದ 600 ಗ್ರಾಂ ಹಿಟ್ಟು ಬೆಂದ ಮೇಲೆ ನೀರು ಆರಿ 530 ಆಗಿತ್ತು. ಮೇಲಿನ ಉಬ್ಬು ಕತ್ತರಿಸಿದಾಗ ಇನ್ನೊಂದು 40 ಹೋಯಿತು. ಆ ತುಂಡು ನಮ್ಮ ಮನೆಯವರ ಬಾಯಿಗೆ. ಬೀಟರಿನ ಪಾತ್ರೆಗೆ ಅಂಟಿದ ಕ್ರೀಮನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಈಗ ಹಿಟ್ಟು 620 ಗ್ರಾಂ ಹಾಕುತ್ತೇನೆ. ಕತ್ತರಿಸಿದ ಮೇಲೆ ಸ್ಪಂಜ್ ಸುಮಾರು 500, ಸಕ್ಕರೆ ಪಾಕ 80, ಕ್ರೀಮ್ ಮತ್ತು ಒಳಗಿನ ಹಣ್ಣು 440. ರಟ್ಟನ್ನು ಮೊದಲೇ ತಕ್ಕಡಿಗಿಟ್ಟು ಸೊನ್ನೆ ಮಾಡಿಕೊಂಡೇ ಕೆಲಸ ಶುರು. ಕೊನೆಯಲ್ಲಿ ತಕ್ಕಡಿಯ ಫೋಟೋ ಕಳಿಸುತ್ತೇನೆ. ಆ ಹಿರಿಯರಿಗೆ ಮಾತ್ರ ಈಗಲೂ ಕಳಿಸುವುದಿಲ್ಲ, ಅವರು ಹೇಗೂ ತೂಗುತ್ತಾರೆ.

ಇನ್ನು ದೂರ. "5 ಕಿ.ಮೀ." ಅಂದರೆ ಎಲ್ಲಿಂದ, ಯಾವ ದಾರಿಯಲ್ಲಿ? ಹಿನಕಲ್ ಕಡೆಯ ಒಬ್ಬರು ಮ್ಯಾಪಿನಲ್ಲಿ ನೇರ ಗೆರೆ ಎಳೆದು, "ನಾವು 5ರ ಒಳಗೇ ಇದ್ದೀವಿ ಮೇಡಂ" ಅಂದರು. ಗೆರೆ ಎಳೆದ ಕಡೆ ರಸ್ತೆ ಇರಬೇಕಲ್ಲ! ನನ್ನ ಸ್ಕೂಟರಿನಲ್ಲಿ ಅದು 6 ದಾಟಿತು. ಏಪ್ರಿಲ್ ಬಿಸಿಲು, ಸಾಲು ಹಂಪು. ಅವತ್ತು ಕೇಕಿನ ಅಂಚಿನ ಹೂವೆಲ್ಲ ಬಾಡಿದ ಹಾಗೆ ಕೂತಿತ್ತು. ಕ್ರೀಮ್ ಕೇಕಿಗೆ ಕಿಲೋಮೀಟರಿಗಿಂತ ನಿಮಿಷ ಮುಖ್ಯ. 20 ನಿಮಿಷದೊಳಗೆ ತಲುಪಿ ಅವರ ಫ್ರಿಜ್ ಸೇರಿದರೆ ತೊಂದರೆ ಇಲ್ಲ. ಅಷ್ಟರಲ್ಲಿ ತಲುಪಬಹುದಾದ ಬಡಾವಣೆಗಳ ಹೆಸರನ್ನೇ ಈಗ ಬರೆಯುತ್ತೇನೆ. ತಮ್ಮ ಏರಿಯಾ ಹೆಸರು ಗೊತ್ತಿಲ್ಲದವರು ಯಾರಿದ್ದಾರೆ?

ಕೇಕಿನ ಜೊತೆ ನಾನು ಮಾರುವ ಕುಕ್ಕಿಗೆ ಈ ತಾಪತ್ರಯ ಯಾವುದೂ ಇಲ್ಲ. ಬಿಗಿ ಮುಚ್ಚಳದ ಡಬ್ಬಿಯಲ್ಲಿದ್ದರೆ ಎರಡು ವಾರ ಗರಿಗರಿ ಇರುತ್ತದೆ, ಊರಾಚೆಗೂ ಕೊರಿಯರ್ ಮಾಡಬಹುದು. ಹಾಗಾಗಿ ಅದರ ಸಾಲನ್ನು ಕೇಕಿನಿಂದ ಬೇರೆ ಮಾಡಿದೆ. ಈಗಿನ ಪಟ್ಟಿ ಹೀಗಿದೆ:

ಎಗ್‌ಲೆಸ್ ಕ್ರೀಮ್ ಕೇಕ್
ತೂಕ: ಅರ್ಧ ಕೇಜಿ (5–6 ಜನಕ್ಕೆ) ₹450, ಒಂದು ಕೇಜಿ (10–12 ಜನಕ್ಕೆ) ₹850. ರಟ್ಟು, ಡಬ್ಬಿ ಬಿಟ್ಟು ತೂಕ.
ಫ್ಲೇವರ್: ವೆನಿಲಾ, ಪೈನಾಪಲ್, ಬಟರ್‌ಸ್ಕಾಚ್, ಚಾಕೊಲೇಟ್, ರಸಮಲಾಯಿ. ಬೇಸಿಗೆಯಲ್ಲಿ ಮಾವು.
ಆರ್ಡರ್: ಡೆಲಿವರಿಯ ಹಿಂದಿನ ದಿನ ಮಧ್ಯಾಹ್ನ 2ರ ಒಳಗೆ. ದಿನಕ್ಕೆ 4 ಕೇಕ್ ಮಾತ್ರ, ಅರ್ಧ ದುಡ್ಡು ಬಂದ ಮೇಲೆ ಖಾತ್ರಿ.
ರಾತ್ರಿ 12ಕ್ಕೆ ಕಟ್ ಮಾಡುವವರು ಹುಟ್ಟುಹಬ್ಬದ ಹಿಂದಿನ ದಿನವನ್ನು ಡೆಲಿವರಿ ದಿನ ಅಂತ ಹೇಳಿ.
ಡೆಲಿವರಿ: ಸಂಜೆ 5ರಿಂದ 8. ಕುವೆಂಪುನಗರ, ರಾಮಕೃಷ್ಣನಗರ, ಶ್ರೀರಾಂಪುರ, ವಿವೇಕಾನಂದನಗರ, ಸರಸ್ವತಿಪುರಂ, ಜಯನಗರ, ಬೋಗಾದಿ. ಉಳಿದವರು ಮನೆಗೇ ಬಂದು ತೆಗೆದುಕೊಳ್ಳಬೇಕು.
ರಾಗಿ ಕುಕ್ಕಿ, ಬೆಣ್ಣೆ ಕುಕ್ಕಿ: 250 ಗ್ರಾಂ ಡಬ್ಬಿ ₹180. ಎರಡು ದಿನ ಮುಂಚೆ ಹೇಳಿ. ಕೊರಿಯರ್ ಇದೆ.

ಇದನ್ನು ಹಾಕಿದ ದಿನವೇ ಒಬ್ಬ ಅಜ್ಜಿ ಫೋನ್ ಮಾಡಿದರು. "ಮೊಟ್ಟೆ ಹಾಕಲ್ಲ ತಾನೇ?" ಎಗ್‌ಲೆಸ್ ಅಂತ ಮೊದಲ ಸಾಲಲ್ಲೇ ಇದೆಯಲ್ಲ ಅಜ್ಜಿ ಅಂದೆ. "ಅದು ಓದಿದೆ ಕಣಮ್ಮ. ಮೇಲೆ ಹಾಕೋ ಬಣ್ಣದ ಮಿಠಾಯಿ ಯಾತರದ್ದು?" ಮಕ್ಕಳ ಕೇಕಿನ ಮೇಲಿಡಲು ತಂದಿದ್ದ ಮಾರ್ಷ್‌ಮ್ಯಾಲೋ ಪೊಟ್ಟಣ ತಿರುಗಿಸಿ ನೋಡಿದೆ. ಮೂಲೆಯಲ್ಲಿ ಹಸಿರಿನ ಬದಲು ಕಂದು ಗುರುತು. ಸಾಮಗ್ರಿಗಳಲ್ಲಿ ಜೆಲಟಿನ್. ಮೊಟ್ಟೆ ಇಲ್ಲ ನಿಜ, ಪ್ರಾಣಿಯ ಮೂಳೆ ಚರ್ಮದಿಂದ ತೆಗೆದದ್ದು ಇದೆ. ಪೊಟ್ಟಣವನ್ನು ಪಕ್ಕದ ಮನೆಗೆ ಕೊಟ್ಟು, ಪಟ್ಟಿಗೆ ಇನ್ನೊಂದು ಸಾಲು ಸೇರಿಸಿದೆ: "ಮೊಟ್ಟೆ ಇಲ್ಲ, ಜೆಲಟಿನ್ ಇಲ್ಲ, ಮನೆಗೆ ಮೊಟ್ಟೆ ತರುವುದೂ ಇಲ್ಲ." ಅಜ್ಜಿ ಅರ್ಧ ಕೇಜಿ ವೆನಿಲಾ ಹೇಳಿದರು, ಮರುದಿನ ಸಂಜೆ 6ಕ್ಕೆ. ಆಗ ಗಡಿಯಾರದಲ್ಲಿ 1.50.