ದೊಡ್ಡಪ್ಪನ ಕೈಗೆ ಬನ್ನಿ ಕೊಡುವಾಗ

"ದಸರಾಕ್ಕೆ ಊರಿಗೆ ಹೋದಾಗ ದೊಡ್ಡಪ್ಪನ ಮುಂದೆ ನಿಂತರೆ ಬಾಯೇ ಕಟ್ಟಿಹೋಗುತ್ತೆ. ಸಲಿಗೆಯಿಂದ ಮಾತಾಡಿದ್ರೆ ಬೈತಾರೆ ಅಂತ ಭಯ. ಗಂಭೀರವಾಗಿ ಮಾತಾಡಿದ್ರೆ ಯಾರೋ ಹೊರಗಿನವರು ಬಂದ ಹಾಗೆ ಅನ್ಸುತ್ತೆ. ಏನಂತ ಮಾತಾಡ್ಲಿ?"

ಮೊದಲು ಬನ್ನಿ ಕೊಡಿ. ಮಾತು ಆಮೇಲೆ.

ಇದನ್ನು ಕೇಳುವವರು ಹೆಚ್ಚಾಗಿ ಬೆಂಗಳೂರು, ಪುಣೆ ಕಡೆ ಕೆಲಸದಲ್ಲಿರುವ ನಮ್ಮ ವಿಜಯಪುರ, ಬಾಗಲಕೋಟೆ ಕಡೆಯ ಹುಡುಗ ಹುಡುಗಿಯರು. ಅವರಿಗೆ ನಾನು ಹೇಳುವುದು, ಬೇರೆ ಹಬ್ಬಗಳಿಗಿಂತ ದಸರಾದಲ್ಲಿ ಈ ಕಷ್ಟ ಕಡಿಮೆ ಅಂತ. ದೀಪಾವಳಿಗೆ, ಯುಗಾದಿಗೆ ಮಾತನ್ನು ನೀವೇ ಹುಡುಕಬೇಕು. ವಿಜಯದಶಮಿಗೆ ಮಾತು ತಯಾರಾಗಿಯೇ ಇದೆ: "ಬನ್ನಿ ತಗೊಂಡು ಬಂಗಾರದಂಗ ಇರೋಣ." ಎಷ್ಟು ಬಿಗಿ ಮನುಷ್ಯರಾದರೂ ಈ ಮಾತಿಗೆ ಕೈ ಚಾಚುತ್ತಾರೆ. ವರ್ಷವಿಡೀ ಮಾತು ಬಿಟ್ಟ ಅಣ್ಣ ತಮ್ಮಂದಿರು ಕೂಡ ಅವತ್ತು ಬನ್ನಿ ಕೊಟ್ಟು ಹೋಗುವುದು ನಮ್ಮ ಕಡೆ ಹೊಸದಲ್ಲ.

ಆದರೆ ಈ ಒಂದು ಮಾತಿನಲ್ಲೇ ಒಂದು ಸೂಕ್ಷ್ಮ ಇದೆ. ಓರಗೆಯವರಿಗೆ "ಬಂಗಾರದಂಗ ಇರೋಣು" ಅಂದರೆ ಸಾಕು. ದೊಡ್ಡಪ್ಪನಿಗಾದರೆ "ಇರೋಣ್ರಿ" ಅನ್ನಬೇಕು. "ಬಂಗಾರದಂಗ ಇರ್ರಿ" ಅನ್ನಬೇಡಿ. ಕೇಳಲು ಅದೂ ಗೌರವದ ಮಾತೇ. ಆದರೆ ಹಾಗಂದರೆ ನೀವೇ ಅವರಿಗೆ ಆಶೀರ್ವಾದ ಮಾಡಿದ ಹಾಗಾಗುತ್ತದೆ. "ಬಂಗಾರದಂಗ ಇರು" ಅನ್ನುವುದು ಅವರು ನಿಮಗೆ ಹೇಳಬೇಕಾದ ಮಾತು. ಹಿರಿಯರಿಗೆ ಕಳಿಸುವ ರೆಡಿಮೇಡ್ ಶುಭಾಶಯಗಳಲ್ಲಿ ನನಗೆ ಹಿಡಿಸದಿರುವುದೂ ಇದೇ. "ದೇವರು ನಿಮಗೆ ಸಕಲ ಸೌಭಾಗ್ಯ ಕೊಡಲಿ" ಅಂತ ಇಪ್ಪತ್ತೈದರ ಹುಡುಗ ಎಪ್ಪತ್ತೈದರ ಅಜ್ಜನಿಗೆ ಹರಸುತ್ತಾನೆ. ಮೆತ್ತಗಿನ ಅಜ್ಜ ನಕ್ಕು ಸುಮ್ಮನಾಗುತ್ತಾರೆ. ಬಿಗಿ ಅಜ್ಜನಿಗೆ ಅದು ಚುಚ್ಚುತ್ತದೆ. "ನಿಮ್ಮ ಆಶೀರ್ವಾದ ಇರಲ್ರಿ" ಅಂದರೆ ಎಲ್ಲ ಸರಿಹೋಗುತ್ತದೆ.

ಕೊಡುವ ಕ್ರಮ ಹೀಗೆ. ಸಂಜೆ ಸೀಮೋಲ್ಲಂಘನ ಮುಗಿಸಿ, ಬನ್ನಿ ಗಿಡಕ್ಕೆ ಪೂಜೆ ಆದಮೇಲೆ ಎಲೆ ತರುತ್ತೀರಿ. ಮೊದಲು ಮನೆಯ ದೇವರಿಗೆ, ಆಮೇಲೆ ಮನೆಯ ಹಿರಿಯರಿಗೆ, ಆಮೇಲೆ ಓಣಿಗೆ. ದೊಡ್ಡಪ್ಪನ ಮನೆ ಬೇರೆಯಾಗಿದ್ದರೆ ಗೆಳೆಯರ ಮನೆಗಳನ್ನೆಲ್ಲ ಮುಗಿಸಿ ರಾತ್ರಿ ಹತ್ತಕ್ಕೆ ಅಲ್ಲಿಗೆ ಹೋಗಬೇಡಿ. ಯಾರ ಮನೆಗೆ ಮೊದಲು ಹೋದಿರಿ ಅನ್ನುವುದು ಊರಲ್ಲಿ ನಿಮಗಿಂತ ಮುಂಚೆ ಅವರಿಗೆ ಮುಟ್ಟಿರುತ್ತದೆ. ಬನ್ನಿ ಟೊಂಗೆಯಲ್ಲಿ ಸಣ್ಣ ಮುಳ್ಳು ಇರುತ್ತದೆ. ಅದನ್ನು ಮುರಿದು, ಎಳೆ ಎಲೆಯ ತುದಿಯನ್ನಷ್ಟೇ ಇಟ್ಟುಕೊಳ್ಳಿ. ವಯಸ್ಸಾದವರ ಅಂಗೈಗೆ ಮುಳ್ಳು ತಾಗಿಸಿ "ಬಂಗಾರ" ಅಂದರೆ ಚೆನ್ನಾಗಿರಲ್ಲ, ಅಲ್ವಾ? ಚಪ್ಪಲಿ ಬಿಟ್ಟು ಒಳಗೆ ಹೋಗಿ. ಎರಡೂ ಕೈಯಲ್ಲಿ ಎಲೆ ಕೊಡಿ, ಮಾತು ಹೇಳಿ, ಕಾಲಿಗೆ ನಮಸ್ಕಾರ ಮಾಡಿ. ಅವರು ಎಲೆಯನ್ನು ಕಣ್ಣಿಗೊತ್ತಿಕೊಂಡು ತಿರುಗಿ ನಿಮ್ಮ ಕೈಗೆ ಬನ್ನಿ ಕೊಡುವವರೆಗೆ ಸುಮ್ನೆ ನಿಲ್ಲಿ. ಬಹಳ ಜನ ತಪ್ಪುವುದು ಇಲ್ಲಿಯೇ. ಆ ಎರಡು ಕ್ಷಣದ ಮೌನಕ್ಕೆ ಹೆದರಿ "ಆರಾಮ ಅದೀರಿಲ್ರಿ, ಬಿಪಿ ಹೆಂಗೈತ್ರಿ" ಅಂತ ಶುರು ಮಾಡಿಬಿಡುತ್ತಾರೆ.

ಬಿಪಿ, ಮಂಡಿನೋವು ಮೊದಲ ಮಾತಾಗಬಾರದು. ಬಿಗಿ ಸ್ವಭಾವದ ಹಿರಿಯರು ಹಬ್ಬದ ದಿನ ಹೊಸ ಧೋತರ ಉಟ್ಟು, ಟೊಪ್ಪಿಗೆ ಹಾಕಿಕೊಂಡು ಮನೆಯ ಯಜಮಾನರಾಗಿ ಕೂತಿರುತ್ತಾರೆ. ನೀವು ಬಂದವರೇ ಅವರನ್ನು ರೋಗಿ ಮಾಡುತ್ತೀರಿ. ಬದಲಿಗೆ ಅವರಿಗೆ ನಿಮಗಿಂತ ಜಾಸ್ತಿ ಗೊತ್ತಿರುವುದನ್ನು ಕೇಳಿ. ದಸರಾ ಬರುವುದೇ ಹಿಂಗಾರಿ ಬಿತ್ತನೆಯ ಹೊತ್ತಿಗೆ. "ಹಿಂಗಾರಿ ಮಳಿ ಹೆಂಗಾತ್ರಿ? ಜ್ವಾಳ ಬಿತ್ತಿದ್ರೇನ್ರಿ?" ಅಂತ ಒಂದು ಮಾತು ಹಾಕಿ ನೋಡಿ. ಹೊಲ ಇಲ್ಲದವರಿಗೆ ಬೇರೆ ಮಾತು: ಈ ಸಲ ಪಲ್ಲಕ್ಕಿ ಎಷ್ಟೊತ್ತಿಗೆ ಹೊರಟಿತು, ಮೊದಲು ಸೀಮೋಲ್ಲಂಘನಕ್ಕೆ ಯಾವ ದಾರಿಯಲ್ಲಿ ಹೋಗುತ್ತಿದ್ದರು. ಅವರ ಉತ್ತರ ಬೈಗುಳದಿಂದಲೇ ಶುರುವಾಗಬಹುದು: "ನಿನಗ್ಯಾಕ ಬೇಕಲೇ ಜ್ವಾಳದ ಸುದ್ದಿ?" ಗಾಬರಿಯಾಗಬೇಡಿ. ಅದಾದ ಮೇಲೆ ಅರ್ಧ ಗಂಟೆ ಜೋಳದ ಸುದ್ದಿಯೇ ನಡೆಯುತ್ತದೆ. ಪ್ರೀತಿ ತೋರಿಸಲು ನೀವು ದನಿಯನ್ನು ಸಿಹಿ ಮಾಡಿಕೊಳ್ಳಬೇಕಿಲ್ಲ. ಅವರ ಬದುಕಿನ ಒಂದು ಸಂಗತಿ ನಿಮಗೆ ನೆನಪಿದೆ ಅಂತ ಗೊತ್ತಾದರೆ ಸಾಕು. ಗೌರವದ ಕೆಲಸವನ್ನು ಮಾತಿನ ಕೊನೆಯ "ರಿ" ನೋಡಿಕೊಳ್ಳುತ್ತದೆ.

ಆ "ರಿ" ಬಗ್ಗೆ ಒಂದು ಎಚ್ಚರಿಕೆ. ನಮ್ಮ ಕಡೆ ಹೊರಗಿನವರಿಗೆ ಧಾರಾಳವಾಗಿ "ರಿ" ಹಚ್ಚುತ್ತೇವೆ. ಆದರೆ ಎಷ್ಟೋ ಮನೆಗಳಲ್ಲಿ ಆಯಿಗೆ, ಅಪ್ಪನಿಗೆ, ಅಜ್ಜನಿಗೆ ಕೂಡ ಏಕವಚನವೇ. "ಅಜ್ಜಾ, ಉಂಡೇನು?" ಅನ್ನುವುದು ಅಗೌರವ ಅಲ್ಲ. ಚಿಕ್ಕಂದಿನಿಂದ "ಬಾ, ಕೂಡು" ಅಂದ ಆಯಿಗೆ ಹಬ್ಬದ ದಿನ ಇದ್ದಕ್ಕಿದ್ದಂತೆ "ಬರ್ರಿ, ಕೂಡ್ರಿ" ಅಂದರೆ, "ಯಾಕೋ, ನನ್ನ ದೂರ ಮಾಡಿದೇನು?" ಅಂತಾಳೆ. ಹಾಗಾಗಿ ಮನೆಯಲ್ಲಿ ನಡೆದು ಬಂದದ್ದನ್ನೇ ಹಿಡಿಯಿರಿ. ಗೊಂದಲ ಇದ್ದರೆ ದೊಡ್ಡಪ್ಪನ ಜೊತೆ ನಿಮ್ಮ ಅಪ್ಪ ಹೇಗೆ ಮಾತಾಡುತ್ತಾರೆ, ನಿಮ್ಮ ಅಣ್ಣ ಅಕ್ಕಂದಿರು ಹೇಗೆ ಮಾತಾಡುತ್ತಾರೆ ಅಂತ ಕಿವಿಗೊಡಿ. ಮದುವೆಯಾಗಿ ಬಂದವರಿಗೆ ಈ ಆಯ್ಕೆ ಇಲ್ಲ. ಸೊಸೆಗೆ "ಮಾವಾರ", ಅಳಿಯನಿಗೂ "ಮಾವಾರ", ಎಲ್ಲದಕ್ಕೂ "ರಿ". ಬೆಳಗಾವಿ ಕಡೆ ಮನೆಯಲ್ಲಿ ಮರಾಠಿ ನಡೆಯುತ್ತಿದ್ದರೆ ಅವರ ಮಾತಿನಲ್ಲೇ ಒಂದು ಸಾಲು ಹೇಳಿ. ಬನ್ನಿ ಬದಲು ಆಪಟಾ ಎಲೆ ಬರಬಹುದು. ಕೊಡುವ ರೀತಿ ಅದೇ.

ಇನ್ನು ಊರಿಗೆ ಹೋಗಲಾಗದವರದ್ದು. ಪುಣೆಯಲ್ಲಿರುವ ಒಬ್ಬ ಹುಡುಗ, ಮುದ್ದೇಬಿಹಾಳ ಕಡೆಯವನು, ತನ್ನ ದೊಡ್ಡಪ್ಪನಿಗೆ ಕಳಿಸಲು ಬರೆದ ಮೆಸೇಜನ್ನು ನನಗೆ ತೋರಿಸಿದ್ದ. ದೊಡ್ಡಪ್ಪ ನಿವೃತ್ತ ಮಾಸ್ತರು, ಈಗ ಹೊಲ ನೋಡಿಕೊಳ್ಳುತ್ತಾರೆ. ಮೊದಲು ಬರೆದದ್ದು: "ಹಾಯ್ ದೊಡ್ಡಪ್ಪಾ, ಹ್ಯಾಪಿ ದಸರಾ ಟು ಆಲ್." ಇದು ಬೇಡ ಅಂತ ಅವನಿಗೇ ಅನ್ನಿಸಿ ಮತ್ತೆ ಬರೆದ: "ಪರಮಪೂಜ್ಯ ದೊಡ್ಡಪ್ಪನವರ ಪಾದಾರವಿಂದಗಳಿಗೆ ಸಾಷ್ಟಾಂಗ ಪ್ರಣಾಮಗಳು. ತಮಗೂ ತಮ್ಮ ಕುಟುಂಬದವರಿಗೂ ವಿಜಯದಶಮಿಯ ಹಾರ್ದಿಕ ಶುಭಾಶಯಗಳು." ನನಗೆ ಮೊದಲನೆಯದಕ್ಕಿಂತ ಇದೇ ಕೆಟ್ಟದ್ದು ಅನ್ನಿಸಿತು. "ತಮ್ಮ ಕುಟುಂಬದವರು" ಅಂದರೆ ಯಾರು? ಆ ಕುಟುಂಬದಲ್ಲಿ ಇವನಿಲ್ಲವೇ? ಮಾಸ್ತರು ಆ ಪದವನ್ನು ಖಂಡಿತ ಹಿಡಿಯುತ್ತಿದ್ದರು.

ಮೆಸೇಜ್ ಬಿಡು, ಫೋನ್ ಮಾಡು ಅಂದೆ. ಬೆಳಗ್ಗೆ ಪೂಜೆಯ ಗಡಿಬಿಡಿಯಲ್ಲಿ ಬೇಡ, ಸಂಜೆ ಅವರು ಬನ್ನಿ ಮುಡಿದು ಮನೆಗೆ ಬಂದು ಕೂತ ಮೇಲೆ. ಹಾಗೆಯೇ ಮಾಡಿದ. "ದೊಡ್ಡಪ್ಪಾ, ನಮಸ್ಕಾರ್ರಿ. ಈ ಸಲ ರಜಾ ಸಿಗಲಿಲ್ಲ, ಬರಾಕ ಆಗಲಿಲ್ರಿ. ಇಲ್ಲಿಂದನ ಬನ್ನಿ ಕೊಡ್ತೀನಿ, ತಗೊಂಡು ಆಶೀರ್ವಾದ ಮಾಡ್ರಿ. ಕೆರಿ ಬಾಜೂ ಹೊಲಾ ಬಿತ್ತೂದು ಮುಗೀತೇನ್ರಿ?" ಇಷ್ಟೇ. ಬರದಿರುವುದಕ್ಕೆ ಕಾರಣ ಒಂದೇ ಸಾಲು. ಮ್ಯಾನೇಜರ್, ಡೆಡ್‌ಲೈನ್, ಟಿಕೆಟ್ ಅಂತ ಉದ್ದ ಎಳೆದಿದ್ದರೆ ಅದು ನೆಪ ಅಂತಲೇ ಕೇಳಿಸುತ್ತಿತ್ತು. ದೊಡ್ಡಪ್ಪ ಅಂದದ್ದು, "ಹೂಂ. ಬಂಗಾರದಂಗ ಇರು. ಹೋಳಿಗಿ ಉಂಡಿ ಇಲ್ಲೋ?" ಅಂತ. ಹುಡುಗನಿಗೆ ಬೇಸರ, "ನೋಡ್ರಿ, ಎರಡು ಮಾತೂ ಆಡಲಿಲ್ಲ" ಅಂತ. ನಾನು ಹೇಳಿದೆ, ಹೋಳಿಗೆ ವಿಚಾರಿಸಿದರು ಅಂದರೆ ಬಹಳ ಆಯಿತು ತಮ್ಮಾ.

ಕೆಲಸ ಕೆಟ್ಟಿದೆ ಅಂತ ಗೊತ್ತಾಗುವುದು ಬೇರೆ ರೀತಿ. ಸಾಮಾನ್ಯವಾಗಿ "ಬಾರಲೇ, ಹೋಗಲೇ" ಅನ್ನುವವರು ಇದ್ದಕ್ಕಿದ್ದಂತೆ ನಿಮಗೇ ಬಹುವಚನ ಹಚ್ಚುತ್ತಾರೆ. "ದೊಡ್ಡವರಾಗೀರಿ ಬಿಡ್ರೆಪಾ." "ಬರ್ರಿ ಸಾಹೇಬ್ರ, ದಾರಿ ನೆನಪೈತಿ?" ಬೈಗುಳಕ್ಕಿಂತ ಇದು ಗಟ್ಟಿ ಸಿಟ್ಟು. ಆಗ ನಗಿಸಲು ಹೋಗಬೇಡಿ, ವಾದವನ್ನೂ ಮಾಡಬೇಡಿ. "ತಪ್ಪಾತ್ರಿ" ಅಂತ ಒಂದು ಸಲ ಅಂದು ಯಾವತ್ತು ಬರುತ್ತೀರಿ ಅನ್ನುವುದನ್ನು ಹೇಳಿ. "ಟೈಮ್ ಸಿಕ್ಕಾಗ ಬರ್ತೀನ್ರಿ" ಅನ್ನುವುದು ಲೆಕ್ಕಕ್ಕಿಲ್ಲ. ದಶಮಿ ತಪ್ಪಿದರೂ ಶೀಗಿ ಹುಣ್ಣಿಮೆಗೆ ಇನ್ನೂ ಐದು ದಿನ ಇರುತ್ತದೆ. ನನಗೆ ಗೊತ್ತಿರುವ ಮನೆಗಳಲ್ಲಿ ಅಷ್ಟರೊಳಗೆ ಬಂದು ಬನ್ನಿ ಕೊಟ್ಟರೆ ಯಾರೂ ತಡವಾಯಿತು ಅನ್ನುವುದಿಲ್ಲ. ನಡುವೆ ಒಂದು ಭಾನುವಾರ ಸಿಕ್ಕರೆ "ಐತವಾರ ಮುಂಜಾನೆ ಬಸ್ಸಿಗೆ ಬರ್ತೀನ್ರಿ" ಅನ್ನಿ. ಮತ್ತೆ ಆ ಬಸ್ಸು ತಪ್ಪಿಸಬೇಡಿ. ಮುಂಜಾನೆಯಿಂದ ಕಟ್ಟೆಯ ಮೇಲೆ ಕೂತಿದ್ದರೂ, ನೀವು ಹೋದಾಗ "ಇವತ್ತ ಬರೂದಿತ್ತೇನು?" ಅಂತಲೇ ಕೇಳುತ್ತಾರೆ. "ಹೌದ್ರಿ" ಅನ್ನಿ, ಬನ್ನಿ ಕೊಡಿ.