ಸೇಟ್ರ ಕಾರ್ಡಿನಲ್ಲಿ ನಾನು ತಿದ್ದಿದ ತಿಂಗಳು

ದಾವಣಗೆರೆಯ ಮಂಡಿಪೇಟೆ ಕಡೆ ಒಂದು ಪ್ರೆಸ್ಸಿನಲ್ಲಿ ಡಿಟಿಪಿ ಕೆಲಸ ನನ್ನದು. ಲಗ್ನಪತ್ರಿಕೆ, ಬಿಲ್ ಪುಸ್ತಕ, ಅಂಗಡಿ ಕ್ಯಾಲೆಂಡರು ಮಾಡ್ತಾ ತಿಥಿ, ಪಕ್ಷ ಎಲ್ಲ ಬಾಯಿಪಾಠ ಆಗಿತ್ತು. ಎಡವಿಸಿದ್ದೂ ಅದೇ ಧೈರ್ಯ.

2024ರ ಆಗಸ್ಟ್ ಮೊದಲ ವಾರ. ರಾಜಸ್ಥಾನ ಮೂಲದ ಬಟ್ಟೆ ವ್ಯಾಪಾರಿಯೊಬ್ಬರು ಕೃಷ್ಣ ಜನ್ಮಾಷ್ಟಮಿ ಪೂಜೆಗೆ ಕಾರ್ಡು ಹಾಕಿಸಲು ಬಂದರು. ಒಂದು ಬದಿ ಕನ್ನಡ, ಇನ್ನೊಂದು ಬದಿ ಹಿಂದಿ. ತಾರೀಖು ಆಗಸ್ಟ್ 26, ಸೋಮವಾರ. ಕನ್ನಡದ ಬದಿಗೆ ನಮ್ಮ ಪಂಚಾಂಗ ನೋಡಿ ‘ಶ್ರಾವಣ ಬಹುಳ ಅಷ್ಟಮಿ’ ಅಂತ ಹಾಕಿದೆ. ಅವರು ಬರೆದುಕೊಟ್ಟ ಹಿಂದಿ ಚೀಟಿಯಲ್ಲಿ ‘ಭಾದ್ರಪದ ಕೃಷ್ಣ ಅಷ್ಟಮಿ’ ಅಂತಿತ್ತು. ಭಾದ್ರಪದ ಬಹುಳ ಅಂದ್ರೆ ನಮಗೆ ಪಿತೃಪಕ್ಷ! ಹಿರಿಯರಿಗೆ ಎಡೆ ಇಡುವ ದಿನಗಳಲ್ಲಿ ಕೃಷ್ಣ ಹುಟ್ಟುವುದುಂಟಾ? ಕೈತಪ್ಪಿ ಬರೆದಿದ್ದಾರೆ ಅಂದುಕೊಂಡು ಹಿಂದಿಯಲ್ಲೂ ‘ಶ್ರಾವಣ’ ಮಾಡಿಬಿಟ್ಟೆ. ಫೋನ್ ಮಾಡಿ ಒಂದು ಮಾತು ಕೇಳಲಿಲ್ಲ. 500 ಕಾರ್ಡು ಅಚ್ಚಾಯಿತು.

ಸೇಟ್ರು ಕಟ್ಟು ಬಿಚ್ಚಿ ಓದಿ ನಕ್ಕರು. “ಏನಣ್ಣ, ಹಬ್ಬ ಮುಗಿದ ಮೇಲೆ ಜನ ಕರೀಲಾ? ನಮ್ಮ ಶ್ರಾವಣ ಕೃಷ್ಣ ಅಷ್ಟಮಿ ಜುಲೈ 28ಕ್ಕೇ ಆಗಿಹೋಯ್ತು.”

ಆಮೇಲೆ ಅವರೇ ಕೂತು ಬಿಡಿಸಿ ಹೇಳಿದರು. ನಮ್ಮಲ್ಲಿ ತಿಂಗಳು ಮುಗಿಯುವುದು ಅಮಾವಾಸ್ಯೆಗೆ. ಮೊದಲು ಶುದ್ಧ, ಆಮೇಲೆ ಬಹುಳ. ಇದು ಅಮಾಂತ. ಅವರಲ್ಲಿ ತಿಂಗಳು ಮುಗಿಯುವುದು ಹುಣ್ಣಿಮೆಗೆ. ಹುಣ್ಣಿಮೆ ಮಾರನೇ ದಿನವೇ ಹೊಸ ತಿಂಗಳು, ಹಾಗಾಗಿ ಮೊದಲು ಬರುವುದು ಕೃಷ್ಣಪಕ್ಷ. ಇದು ಪೂರ್ಣಿಮಾಂತ. ಆ ವರ್ಷ ಅವರ ಶ್ರಾವಣ ಜುಲೈ 22ಕ್ಕೆ ಶುರುವಾಗಿ ಆಗಸ್ಟ್ 19ರ ರಾಖಿ ಹುಣ್ಣಿಮೆಗೆ ಮುಗಿಯಿತು. ನಮ್ಮ ಶ್ರಾವಣ ಶುರುವಾಗಿದ್ದೇ ಆಗಸ್ಟ್ 5ಕ್ಕೆ. ಆಗಸ್ಟ್ 5ರಿಂದ 19ರವರೆಗಿನ ಶುಕ್ಲಪಕ್ಷ ಇಬ್ಬರಿಗೂ ಶ್ರಾವಣವೇ. ಹುಣ್ಣಿಮೆ ದಾಟಿದ ಮೇಲೆ ನಾವು ಇನ್ನೂ ಶ್ರಾವಣದಲ್ಲಿದ್ದರೆ, ಅವರು ಭಾದ್ರಪದಕ್ಕೆ ಕಾಲಿಟ್ಟಿರುತ್ತಾರೆ. ಆಕಾಶದಲ್ಲಿ ಚಂದ್ರ ಒಬ್ಬನೇ, ತಿಥಿಯೂ ಒಂದೇ. ಬೇರೆಯಾದದ್ದು ಹೆಸರು ಮಾತ್ರ.

ಅಂದರೆ ಶುದ್ಧದಲ್ಲಿ ಬರುವ ಹಬ್ಬಕ್ಕೆ ತಕರಾರಿಲ್ಲ. ಗಣೇಶ ಚೌತಿ ಎರಡೂ ಕಡೆ ಭಾದ್ರಪದವೇ. ಬಹುಳದಲ್ಲಿ ಬಂದರೆ ಅವರ ತಿಂಗಳು ನಮಗಿಂತ ಒಂದು ಮುಂದೆ. ಶಿವರಾತ್ರಿ ನಮಗೆ ಮಾಘ, ಅವರಿಗೆ ಫಾಲ್ಗುಣ. ನಮ್ಮ ಪಿತೃಪಕ್ಷದ ಭಾದ್ರಪದ ಬಹುಳ ಅವರಿಗೆ ಆಶ್ವಿನ ಕೃಷ್ಣ. ದೀಪಾವಳಿಯದ್ದಂತೂ ತಮಾಷೆ. ಅಮಾವಾಸ್ಯೆ ನಮಗೆ ಆಶ್ವಯುಜ, ಅವರಿಗೆ ಕಾರ್ತಿಕ. ಮರುದಿನದ ಪಾಡ್ಯಕ್ಕೆ ಇಬ್ಬರೂ ಕಾರ್ತಿಕ ಶುದ್ಧ. ಅದೇ ಹಬ್ಬದ ನಡುವೆ ನಮಗೆ ತಿಂಗಳೇ ಬದಲಾಗುತ್ತದೆ, ಅವರಿಗೆ ಪಕ್ಷ ಮಾತ್ರ.

ಈ ಲೆಕ್ಕವನ್ನು ಕಂಪ್ಯೂಟರ್ ಪಕ್ಕ ಚೀಟಿಯಲ್ಲಿ ಬರೆದು ಅಂಟಿಸಿಕೊಂಡೆ. ‘ಬಹುಳ ಇದ್ದರೆ ಹಿಂದಿಗೆ ಒಂದು ತಿಂಗಳು ಮುಂದೆ.’ ಸರಿ ಇದೆಯಾ ನೋಡೋಣ ಅಂತ ಹಿಂದಿನ ವರ್ಷದ ಪಂಚಾಂಗ ಹರಡಿಕೊಂಡೆ. ಅಲ್ಲಿ ಸಿಕ್ಕಿಬಿದ್ದೆ.

2023ರಲ್ಲಿ ಅಧಿಕ ಶ್ರಾವಣ ಬಂದಿತ್ತು, ಜುಲೈ 18ರಿಂದ ಆಗಸ್ಟ್ 16. ಅಧಿಕ ಮಾಸ ಅಂದ್ರೆ ಸೂರ್ಯನ ಸಂಕ್ರಮಣವೇ ಇಲ್ಲದ ತಿಂಗಳು. ಇದನ್ನು ಮಾತ್ರ ಅವರೂ ಅಮಾವಾಸ್ಯೆಯಿಂದ ಅಮಾವಾಸ್ಯೆಗೇ ಎಣಿಸುತ್ತಾರೆ. ಹಾಗಾಗಿ ಅಧಿಕ ಶ್ರಾವಣದ ಬಹುಳ ಇಬ್ಬರಿಗೂ ಅಧಿಕ ಶ್ರಾವಣವೇ, ಒಂದು ತಿಂಗಳು ಮುಂದೆ ತಳ್ಳಿದರೆ ತಪ್ಪು. ನಮ್ಮಲ್ಲಿ ಅಧಿಕ ಮೊದಲು, ನಿಜ ಆಮೇಲೆ. ಅವರಲ್ಲಿ ಅಧಿಕ ಮಾಸ ನಿಜ ಶ್ರಾವಣದ ಎರಡು ಪಕ್ಷಗಳ ನಡುವೆ ತೂರಿಕೊಂಡಿತ್ತು. ಜುಲೈ 4ರಿಂದ 17 ನಿಜದ ಕೃಷ್ಣಪಕ್ಷ, ನಡುವೆ ಪೂರ್ತಿ ಅಧಿಕ, ಆಗಸ್ಟ್ 17ರಿಂದ 31 ನಿಜದ ಶುಕ್ಲಪಕ್ಷ. ಆ ವರ್ಷ ಉತ್ತರದವರ ಶ್ರಾವಣ 59 ದಿನ ನಡೆದದ್ದು ಹೀಗೆ. ಚೀಟಿಯಲ್ಲಿ ‘ಅಧಿಕ ಬಿಟ್ಟು’ ಅಂತ ಸೇರಿಸಿದೆ.

ಕಾರ್ಡನ್ನು ಮತ್ತೆ ಅಚ್ಚು ಹಾಕಿದೆವು. ಪೇಪರ್ ಖರ್ಚು ನನ್ನ ಸಂಬಳದಲ್ಲಿ ಹೋಯಿತು, ನ್ಯಾಯವೇ ಅದು. ಈ ಸಲ ಹಿಂದಿಯಲ್ಲಿ ಭಾದ್ರಪದ, ಕನ್ನಡದಲ್ಲಿ ಶ್ರಾವಣ, ಎರಡರ ಕೆಳಗೂ ಆಗಸ್ಟ್ 26 ದಪ್ಪ ಅಕ್ಷರದಲ್ಲಿ.

ಮುಂದಿನ ತಿಂಗಳೇ ಇನ್ನೊಬ್ಬ ವ್ಯಾಪಾರಿ ದೀಪಾವಳಿ ಕಾರ್ಡಿಗೆ ಬಂದರು. ಅವರದ್ದೂ ಹಿಂದಿ. ಜಾಣತನ ತೋರಿಸಿ ಅಮಾವಾಸ್ಯೆಗೆ ‘ಕಾರ್ತಿಕ’ ಟೈಪ್ ಮಾಡಿ ಪ್ರೂಫ್ ಕೊಟ್ಟೆ. ಪೆನ್ನು ತೆಗೆದು ಗೀಟು ಹಾಕಿ ‘ಆಶ್ವಿನ’ ಅಂತ ಬರೆದರು.

“ನಾವು ಗುಜರಾತಿನವರು. ನಮ್ಮದೂ ನಿಮ್ಮ ಹಾಗೆ ಅಮಾವಾಸ್ಯೆ ಲೆಕ್ಕವೇ.”

ಈ ಸಲ ಪ್ರೂಫ್‌ನಲ್ಲೇ ಸಿಕ್ಕಿತು. ಈಗ ಆರ್ಡರ್ ಪುಸ್ತಕದಲ್ಲಿ ಭಾಷೆಯ ಪಕ್ಕ ಇನ್ನೊಂದು ಖಾನೆ ಇದೆ: ‘ತಿಂಗಳು ಮುಗಿಯುವುದು ಹುಣ್ಣಿಮೆಗೋ, ಅಮಾವಾಸ್ಯೆಗೋ?’